ಇಯರ್‌ಫೋನಿನಲ್ಲಿ ಗಾಯಕಿ ಹಿಂದೆ ಸರಿಯುವುದೇಕೆ?

ಹಾಡು ಕೇಳುವ ಆ್ಯಪ್ ತೆರೆದರೆ ಈಗ ಎಷ್ಟೋ ಹಾಡುಗಳ ಪಕ್ಕದಲ್ಲಿ ‘ಡಾಲ್ಬಿ ಅಟ್ಮಾಸ್’ ಎಂಬ ಗುರುತು ಕಾಣುತ್ತದೆ. ಸಿನಿಮಾ ಮಂದಿರಕ್ಕೆಂದು 2012ರಲ್ಲಿ ಬಂದ ಈ ತಂತ್ರ, ಆಪಲ್ ಮ್ಯೂಸಿಕ್ 2021ರ ಜೂನ್‌ನಲ್ಲಿ ಅದನ್ನು ಎಲ್ಲ ಚಂದಾದಾರರಿಗೂ ತೆರೆದ ಮೇಲೆ ಸಾಮಾನ್ಯ ಕೇಳುಗರ ಇಯರ್‌ಫೋನಿಗೂ ಇಳಿಯಿತು. ‘ಸ್ಪೇಷಿಯಲ್ ಆಡಿಯೊ’ ಎಂದರೆ ಇದೇ. ಸದ್ದು ಎಡ–ಬಲಗಳ ನಡುವೆ ಮಾತ್ರವಲ್ಲ, ಸುತ್ತಲೂ, ಮೇಲಿನಿಂದಲೂ ಬಂದಂತೆ ಕೇಳಿಸಬೇಕು ಎಂಬುದು ಇದರ ಉದ್ದೇಶ. ಆದರೆ ಕೇಳಿದವರಲ್ಲಿ ಹಲವರ ದೂರು ಒಂದೇ: ವಾದ್ಯಗಳೇನೋ ಚೆನ್ನಾಗಿ ಹರಡಿಕೊಂಡಿವೆ, ಹಾಡುವವರ ದನಿ ಮಾತ್ರ ದೂರ ಹೋಗಿದೆ, ಟೊಳ್ಳಾಗಿದೆ, ಸಾಹಿತ್ಯ ಸ್ಪಷ್ಟವಾಗಿ ಕಿವಿಗೆ ಬೀಳುತ್ತಿಲ್ಲ.

ಈ ದೂರು ಸರಿಯಾಗಿಯೇ ಇದೆ. ಕೇಳುಗರ ಕಿವಿ ಮಂದವೆಂದೋ ಇಯರ್‌ಫೋನ್ ಅಗ್ಗದ್ದೆಂದೋ ಅದನ್ನು ತಳ್ಳಿಹಾಕುವಂತಿಲ್ಲ. ಇಯರ್‌ಫೋನಿನಲ್ಲಿ ಸೃಷ್ಟಿಸಲು ಎಲ್ಲಕ್ಕಿಂತ ಕಷ್ಟವಾದ ಜಾಗ ನಮ್ಮ ನೇರ ಎದುರು. ಹಾಡುವವರು ನಿಲ್ಲಬೇಕಾದದ್ದೂ ಅಲ್ಲೇ. ತೊಂದರೆಯ ಬೇರು ಇಲ್ಲಿದೆ.

ಎದುರು ಯಾಕೆ ಕಷ್ಟ

ನಮ್ಮ ಎರಡು ಕಿವಿಗಳ ನಡುವೆ ಸುಮಾರು 17–18 ಸೆಂಟಿಮೀಟರ್ ಅಂತರ. ಬಲಗಡೆಯಿಂದ ಬಂದ ಸದ್ದು ಬಲಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ಬರುತ್ತದೆ. ಅದು ತೀರಾ ಪಕ್ಕದಿಂದ ಬಂದಾಗಲೂ ಈ ತಡ ಸುಮಾರು 0.65 ಮಿಲಿಸೆಕೆಂಡ್ ಅಷ್ಟೇ. ಜೊತೆಗೆ ತಲೆ ಅಡ್ಡ ಬರುವುದರಿಂದ ದೂರದ ಕಿವಿಗೆ ಸದ್ದು, ಅದರಲ್ಲೂ ಕೀಚಲು ಸದ್ದು, ಕಡಿಮೆ ಕೇಳಿಸುತ್ತದೆ. ಈ ಎರಡು ವ್ಯತ್ಯಾಸಗಳಿಂದ ಮಿದುಳು ಎಡವೋ ಬಲವೋ ಎಂದು ಗುರುತಿಸುತ್ತದೆ.

ಆದರೆ ಸದ್ದು ನೇರ ಎದುರಿನಿಂದ ಬಂದರೆ ಎರಡೂ ಕಿವಿಗೆ ಒಂದೇ ಹೊತ್ತಿಗೆ, ಒಂದೇ ಮಟ್ಟದಲ್ಲಿ ತಲುಪುತ್ತದೆ. ನೇರ ಹಿಂದಿನಿಂದ ಬಂದರೂ ಹಾಗೆಯೇ, ನೆತ್ತಿಯ ಮೇಲಿನಿಂದ ಬಂದರೂ ಹಾಗೆಯೇ. ಇವುಗಳನ್ನು ಬೇರೆಬೇರೆಯಾಗಿ ತಿಳಿಯಲು ನಮಗಿರುವ ಆಧಾರ ಎರಡು. ಒಂದು, ಹೊರಕಿವಿಯ ಮಡಿಕೆಗಳು ದಿಕ್ಕಿಗೆ ತಕ್ಕಂತೆ ಸದ್ದಿನ ಮೇಲಿನ ಭಾಗದಲ್ಲಿ ಮಾಡುವ ಸಣ್ಣ ಏರಿಳಿತಗಳು. ಇನ್ನೊಂದು, ನಾವು ತಲೆ ಅಲ್ಲಾಡಿಸಿದಾಗ ಆಗುವ ಬದಲಾವಣೆ.

ಇಯರ್‌ಫೋನಿಗಾಗಿ ದಿಕ್ಕನ್ನು ಲೆಕ್ಕಹಾಕಿ ಕೊಡುವ ಕೆಲಸಕ್ಕೆ ಬೈನಾರಲ್ ರೆಂಡರಿಂಗ್ ಎಂದು ಹೆಸರು. ಅದನ್ನು ಮಾಡುವ ಸಾಫ್ಟ್‌ವೇರ್ ರೆಂಡರರ್. ಪ್ರತಿಯೊಂದು ದಿಕ್ಕಿನಿಂದ ಬಂದ ಸದ್ದು ಕಿವಿಯ ಬಾಗಿಲಿಗೆ ಬರುವಷ್ಟರಲ್ಲಿ ಹೇಗೆ ಬದಲಾಗುತ್ತದೆ ಎಂಬ ಅಳತೆ ಅದಕ್ಕೆ ಬೇಕು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 1994ರಲ್ಲಿ ಕೆಮರ್ ಎಂಬ ಬೊಂಬೆಯ ಕಿವಿಯಲ್ಲಿ ಮೈಕ್ ಇಟ್ಟು ತೆಗೆದ ಅಳತೆಗಳು ಇಂಥವುಗಳಲ್ಲಿ ಪ್ರಸಿದ್ಧ. ಆದರೆ ಬೊಂಬೆಯ ಕಿವಿ ನಿಮ್ಮ ಕಿವಿಯಲ್ಲ. ಬೇರೆಯವರ ಕಿವಿಯ ಅಳತೆಯಿಂದ ಕೇಳಿಸಿದಾಗ ಎಡ–ಬಲ ಬಹುಮಟ್ಟಿಗೆ ಸರಿಯಾಗಿಯೇ ತಿಳಿಯುತ್ತದೆ, ಹಿಂದು–ಮುಂದಿನ ಗೊಂದಲ ಮಾತ್ರ ಹೆಚ್ಚುತ್ತದೆ ಎಂದು ನಾಸಾದ ಎಲಿಜಬೆತ್ ವೆಂಜಲ್ ಮತ್ತು ಸಂಗಡಿಗರು 1993ರಲ್ಲೇ ತೋರಿಸಿದ್ದರು.

ಹೊಸ ಕಿವಿಗೆ ಮಿದುಳು ಒಗ್ಗಿಕೊಳ್ಳುವುದಿಲ್ಲವೇ? ಒಗ್ಗಿಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊರಕಿವಿಯೊಳಗೆ ಅಚ್ಚು ಕೂರಿಸಿ ಅದರ ಆಕಾರವನ್ನೇ ಬದಲಿಸಲಾಯಿತು. ಸದ್ದು ಮೇಲಿನದೋ ಕೆಳಗಿನದೋ ಎಂದು ಹೇಳುವ ಶಕ್ತಿ ತಕ್ಷಣ ಕೆಟ್ಟಿತು, ವಾರಗಟ್ಟಲೆ ಅದೇ ಅಚ್ಚಿನಲ್ಲಿ ಓಡಾಡಿದ ಮೇಲೆ ಮರಳಿ ಬಂತು. ಆದರೆ ಹಾಡು ಇರುವುದು ನಾಲ್ಕು ನಿಮಿಷ. ಅಷ್ಟರಲ್ಲಿ ಯಾರ ಮಿದುಳೂ ಬೊಂಬೆಯ ಕಿವಿಯನ್ನು ಕಲಿಯಲಾರದು. ಹಾಗಾಗಿ ಎದುರಿಗೆ ಇಟ್ಟ ದನಿ ಕೆಲವರಿಗೆ ಹಣೆಯ ಮೇಲೆ, ಕೆಲವರಿಗೆ ತಲೆಯೊಳಗೆ, ಕೆಲವರಿಗೆ ಬೆನ್ನ ಹಿಂದೆ ಕೇಳಿಸುತ್ತದೆ.

ಒಂದು ಭಾವಗೀತೆಯ ಮಿಕ್ಸಿಂಗ್

ಗಾಯಕಿ, ತಬಲಾ, ಕೊಳಲು, ಗಿಟಾರ್, ಪಿಟೀಲುಗಳ ಗುಂಪು ಇರುವ ಒಂದು ಭಾವಗೀತೆಯನ್ನು ತೆಗೆದುಕೊಳ್ಳೋಣ. ಅಟ್ಮಾಸ್‌ನಲ್ಲಿ ಪ್ರತಿಯೊಂದು ಟ್ರ್ಯಾಕನ್ನು ಒಂದು ‘ಆಬ್ಜೆಕ್ಟ್’ ಆಗಿ ಇಟ್ಟು, ಅದು ಎಲ್ಲಿರಬೇಕೆಂಬ ಮಾಹಿತಿಯನ್ನೂ ಜೊತೆಗೆ ಕಳಿಸಬಹುದು. ಅದನ್ನು ಸ್ಪೀಕರ್‌ಗಳಿಗೆ ಹಂಚುವುದೋ ಇಯರ್‌ಫೋನಿಗೆ ಇಳಿಸುವುದೋ ಕೇಳುಗರ ಕಡೆಯ ರೆಂಡರರ್‌ಗೆ ಬಿಟ್ಟದ್ದು.

ಸ್ಟೀರಿಯೊ ಅಭ್ಯಾಸದವರು ಮೊದಲು ಮಾಡುವುದು, ದನಿಯನ್ನು ಮುಂದಿನ ಎಡ ಮತ್ತು ಬಲ ಚಾನೆಲ್‌ಗಳಿಗೆ ಸಮನಾಗಿ ಕಳಿಸುವುದು. ಸ್ಟೀರಿಯೊದಲ್ಲಿ ಹಾಗೆ ಮಾಡಿದರೆ ದನಿ ನಡುವೆ ನಿಲ್ಲುತ್ತದೆ. ಬೈನಾರಲ್‌ನಲ್ಲಿ ಏನಾಗುತ್ತದೆ ನೋಡಿ. ರೆಂಡರರ್ ಎಡಕ್ಕೂ ಬಲಕ್ಕೂ 30 ಡಿಗ್ರಿ ದೂರದಲ್ಲಿ ಎರಡು ಕಾಲ್ಪನಿಕ ಸ್ಪೀಕರ್ ಇಡುತ್ತದೆ. ಎಡಗಿವಿಗೆ ಎಡ ಸ್ಪೀಕರಿನ ದನಿ ಮೊದಲು ಬರುತ್ತದೆ; ಬಲ ಸ್ಪೀಕರಿನಿಂದ ಅದೇ ದನಿ ಸುಮಾರು 0.26 ಮಿಲಿಸೆಕೆಂಡ್ ತಡವಾಗಿ ಬಂದು ಕೂಡಿಕೊಳ್ಳುತ್ತದೆ. 1,900 ಹರ್ಟ್ಸ್ ಆಸುಪಾಸಿನ ಅಲೆಗೆ ಈ ತಡ ಸರಿಯಾಗಿ ಅರ್ಧ ಸುತ್ತಿನಷ್ಟು. ಒಂದರ ಏರು ಇನ್ನೊಂದರ ಇಳಿವಿಗೆ ಸಿಕ್ಕಿ, ಅಲ್ಲಿ ದನಿ ಕುಗ್ಗುತ್ತದೆ. ಮಾತಿನ ಸ್ಪಷ್ಟತೆಗೆ ಬೇಕಾದ ಭಾಗ ಅದೇ. ಟೊಳ್ಳು ಅನಿಸುವುದಕ್ಕೆ ಇದು ದೊಡ್ಡ ಕಾರಣ. ನಿಜವಾದ ಸ್ಪೀಕರ್ ಎದುರು ಕೂತಾಗಲೂ ಈ ಕುಗ್ಗುವಿಕೆ ಇದ್ದೇ ಇರುತ್ತದೆ. ಆದರೆ ಕೋಣೆಯ ಗೋಡೆಗಳ ಪ್ರತಿಫಲನ ಮತ್ತು ನಮ್ಮ ತಲೆಯ ಚಲನೆ ಅದನ್ನು ತುಂಬಿಕೊಡುತ್ತವೆ. ಇಯರ್‌ಫೋನಿನಲ್ಲಿ ಅದು ಹಾಡಿನುದ್ದಕ್ಕೂ ಅಲ್ಲೇ ಕೂರುತ್ತದೆ.

ಪರಿಹಾರ ಸರಳ. ದನಿಯನ್ನು ಎರಡು ಕಡೆಗೆ ಹಂಚದೆ ನಡುವಿನ ಒಂದೇ ಆಬ್ಜೆಕ್ಟ್ ಆಗಿ ಇಡಬೇಕು. ಆಗ ಎರಡು ಪ್ರತಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ.

ಎರಡನೆಯ ತೊಂದರೆ ಕೋಣೆಯದು. ಡಾಲ್ಬಿಯ ರೆಂಡರರ್‌ನಲ್ಲಿ ಪ್ರತಿ ಆಬ್ಜೆಕ್ಟ್‌ಗೂ Off, Near, Mid, Far ಎಂಬ ನಾಲ್ಕು ಆಯ್ಕೆಗಳಿವೆ. ದೂರ ಹೆಚ್ಚಿಸಿದಂತೆ ರೆಂಡರರ್ ತನ್ನದೇ ಕೋಣೆಯ ಅನುರಣನವನ್ನು ದನಿಗೆ ಸೇರಿಸುತ್ತದೆ. ಮಿಕ್ಸ್ ಮಾಡುವವರು ಈಗಾಗಲೇ ದನಿಗೆ ರಿವರ್ಬ್ ಹಾಕಿರುತ್ತಾರೆ. ಎರಡೂ ಸೇರಿದರೆ ಪದದ ಕೊನೆಗಳು ಮಸುಕಾಗುತ್ತವೆ. ಆದ್ದರಿಂದ ನಮ್ಮ ಭಾವಗೀತೆಯಲ್ಲಿ ಗಾಯಕಿಯ ದನಿಗೆ Off, ಅಂದರೆ ದಿಕ್ಕಿನ ಲೆಕ್ಕಾಚಾರವೇ ಇಲ್ಲದ ಸಾದಾ ನಡು. ಡಗ್ಗಾದ ಗುಂಭಕ್ಕೂ Off, ಅದು ತೆಳುವಾಗಬಾರದು. ದನಿಯ ರಿವರ್ಬನ್ನು ಮಾತ್ರ ಬೇರೆ ಆಬ್ಜೆಕ್ಟ್‌ಗಳಾಗಿ ಎರಡು ಪಕ್ಕಕ್ಕೆ, Mid. ಪಿಟೀಲುಗಳು ಅಗಲವಾಗಿ ಪಕ್ಕದಲ್ಲಿ, ಗಿಟಾರ್ ಸ್ವಲ್ಪ ಎಡಕ್ಕೆ, Near. ಕೊಳಲನ್ನು ನೇರ ಬೆನ್ನ ಹಿಂದೆ ಇಡಬೇಕೆಂಬ ಆಸೆ ಬಂದರೂ ಅದನ್ನು ಬಲಕ್ಕೆ, ಕಿವಿಯ ಸಾಲಿಗಿಂತ ತುಸು ಹಿಂದಕ್ಕೆ ಇಡುವುದು ಜಾಣತನ. ಅಲ್ಲಿ ಎರಡು ಕಿವಿಗಳ ನಡುವಿನ ವ್ಯತ್ಯಾಸ ಗಟ್ಟಿಯಾಗಿದೆ, ಬೊಂಬೆಯ ಕಿವಿ ಯಾರ ಕಿವಿಗೆ ಹೊಂದದಿದ್ದರೂ ಕೊಳಲು ಬಲಕ್ಕಂತೂ ಕೇಳಿಸುತ್ತದೆ.

ಇಷ್ಟು ಮಾಡಿದರೂ ಕೆಲಸ ಮುಗಿಯುವುದಿಲ್ಲ. ಆಪಲ್ ಮ್ಯೂಸಿಕ್ ಇಯರ್‌ಫೋನಿಗೆ ಹಾಡನ್ನು ಇಳಿಸುವಾಗ ಡಾಲ್ಬಿಯ ಈ ನಾಲ್ಕು ಆಯ್ಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತನ್ನದೇ ರೆಂಡರರ್ ಬಳಸುತ್ತದೆ. ಸ್ಟುಡಿಯೊದಲ್ಲಿ Off ಇಟ್ಟ ದನಿಗೂ ಅಲ್ಲಿ ಕೋಣೆ ಅಂಟಿಕೊಳ್ಳುತ್ತದೆ. ಡಾಲ್ಬಿಯ ಆಯ್ಕೆಗಳನ್ನು ಒಯ್ಯುವ ಬೇರೆ ಸೇವೆಗಳಲ್ಲಿ ಅದೇ ಹಾಡು ಬೇರೆಯಾಗಿಯೇ ಕೇಳಿಸುತ್ತದೆ. ಹಾಗಾಗಿ ಹಾಡನ್ನು ಒಪ್ಪಿಸುವ ಮುನ್ನ ಅದನ್ನು ಎಂಪಿ4 ಕಡತವಾಗಿ ತೆಗೆದು, ಐಫೋನಿನಲ್ಲಿ ಸಾಮಾನ್ಯ ಇಯರ್‌ಬಡ್ ಹಾಕಿಕೊಂಡು ಕೇಳಲೇಬೇಕು. ಅಲ್ಲಿ ಸಾಹಿತ್ಯ ಮಸುಕಾದರೆ ದನಿಯ ಮಟ್ಟವನ್ನು ಒಂದೋ ಎರಡೋ ಡೆಸಿಬೆಲ್ ಏರಿಸಿ, ರಿವರ್ಬ್ ತಗ್ಗಿಸಿ, ಎರಡೂ ರೆಂಡರರ್‌ಗಳಲ್ಲಿ ಪದ ಬಿಡಿಬಿಡಿಯಾಗಿ ಕೇಳುವ ಮಟ್ಟಕ್ಕೆ ತರಬೇಕು. ಒಂದರಲ್ಲಿ ಅತ್ಯುತ್ತಮ, ಇನ್ನೊಂದರಲ್ಲಿ ಹಾಳು ಎನ್ನುವ ಮಿಕ್ಸ್‌ಗಿಂತ ಎರಡರಲ್ಲೂ ನಿಲ್ಲುವ ಮಿಕ್ಸ್ ಮೇಲು.

ಕೇಳುಗರು ಹೇಗೆ ಪರೀಕ್ಷಿಸಬೇಕು

ಎರಡು ಆವೃತ್ತಿಗಳನ್ನು ಹೋಲಿಸುವಾಗ ಮೊದಲು ಮಟ್ಟ ಸರಿಮಾಡಿಕೊಳ್ಳಿ. ಅಟ್ಮಾಸ್ ಹಾಡಿನ ಸರಾಸರಿ ಜೋರು −18 ಎಲ್‌ಕೆಎಫ್‌ಎಸ್ ಮೀರಬಾರದೆಂಬ ನಿಯಮವಿದೆ. ಈಗಿನ ಜೋರಾದ ಸ್ಟೀರಿಯೊ ಹಾಡುಗಳು −10ರ ಆಸುಪಾಸಿನಲ್ಲಿರುತ್ತವೆ. ಎಂಟು ಡೆಸಿಬೆಲ್ ವ್ಯತ್ಯಾಸ ಕಡಿಮೆಯದಲ್ಲ. ಮೆಲ್ಲಗಿರುವ ಹಾಡು ಎಂಥವರಿಗೂ ಸಪ್ಪೆ ಅನಿಸುತ್ತದೆ. ಸ್ಟೀರಿಯೊವನ್ನು ತಗ್ಗಿಸಿ, ದನಿಯ ಜೋರು ಎರಡರಲ್ಲೂ ಸಮವಾದ ಮೇಲೆ ಪಲ್ಲವಿಯೊಂದನ್ನೇ ಕೇಳಿ. ಪದಗಳು ಎಷ್ಟು ಸ್ಪಷ್ಟ, ಡಗ್ಗಾದ ಗುಂಭ ಉಳಿದಿದೆಯೇ, ಸಾಲಿನ ಕೊನೆಯ ಅಕ್ಷರ ಅನುರಣನದಲ್ಲಿ ಮುಳುಗುತ್ತಿದೆಯೇ ಎಂಬ ಮೂರನ್ನು ಗಮನಿಸಿದರೆ ಸಾಕು.

ಇನ್ನೊಂದು ಎಚ್ಚರ ಬೇಕು. ಸಾದಾ ಸ್ಟೀರಿಯೊ ಹಾಡನ್ನೂ ಸುತ್ತ ಹರಡುವ ಆಯ್ಕೆ ಹಲವು ಫೋನುಗಳಲ್ಲಿದೆ. ಐಫೋನಿನಲ್ಲಿ ಅದರ ಹೆಸರು Spatialize Stereo. ಬೊಂಬೆ ತಲೆಯ ಮೈಕಿನಲ್ಲಿ ಧ್ವನಿಮುದ್ರಿಸಿದ, ಅಥವಾ ಬೈನಾರಲ್‌ಗೆ ಮೊದಲೇ ಇಳಿಸಿಟ್ಟ ಕಡತದ ಮೇಲೆ ಅದನ್ನು ಹಾಕಿದರೆ ಸದ್ದು ಎರಡೆರಡು ಸಲ ಕಿವಿಯ ಮಡಿಕೆಗಳನ್ನು ದಾಟಿದಂತಾಗಿ, ದಿಕ್ಕೂ ಕೆಡುತ್ತದೆ, ನಾದವೂ ಕೆಡುತ್ತದೆ. ಇಂಥವನ್ನು ಕೇಳುವಾಗ ಅದನ್ನು ಆರಿಸಿಡಿ.

ತಲೆಯ ಚಲನೆಯನ್ನು ಹಿಂಬಾಲಿಸುವ ಹೆಡ್ ಟ್ರ್ಯಾಕಿಂಗ್ ಇರುವ ಇಯರ್‌ಬಡ್‌ಗಳಲ್ಲಿ ಹಿಂದು–ಮುಂದಿನ ಗೊಂದಲ ನಿಜಕ್ಕೂ ಕಡಿಮೆಯಾಗುತ್ತದೆ. ತಲೆ ಬಲಕ್ಕೆ ತಿರುಗಿಸಿದಾಗ ಎದುರಿನ ದನಿ ಎಡಗಿವಿಯತ್ತ ಸರಿಯಬೇಕು, ಹಿಂದಿನದು ಬಲಗಿವಿಯತ್ತ ಸರಿಯಬೇಕು. ಹಿಂದು–ಮುಂದನ್ನು ಗುರುತಿಸಲು ಮಿದುಳಿಗೆ ಬೇಕಾದ ಸಾಕ್ಷ್ಯ ಅದೇ. ಕೂತು ಕೇಳುವವರಿಗೆ ಇದು ಒಳ್ಳೆಯದು. ರಸ್ತೆಯಲ್ಲಿ ನಡೆಯುವವರಿಗೆ, ಪದೇ ಪದೇ ಅತ್ತಿತ್ತ ನೋಡುವವರಿಗೆ ಗಾಯಕಿ ಒಂದು ಕಿವಿಯಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತಾಳೆ. ಕ್ಯಾಮೆರಾದಲ್ಲಿ ನಿಮ್ಮದೇ ಕಿವಿಯನ್ನು ಅಳೆದುಕೊಳ್ಳುವ ಸೌಲಭ್ಯವೂ 2022ರಿಂದ ಐಫೋನಿನಲ್ಲಿದೆ. ಬೊಂಬೆಯ ಕಿವಿಗಿಂತ ಅದು ಹತ್ತಿರದ್ದು, ಸಿಕ್ಕರೆ ಬಳಸಬೇಕು. ಆದರೆ ಸಾವಿರ ರೂಪಾಯಿಯ ಇಯರ್‌ಬಡ್ ಹಾಕಿಕೊಂಡು ಬಸ್ಸಿನಲ್ಲಿ ಕೇಳುವವರಿಗೆ ಇವೆರಡೂ ಇರುವುದಿಲ್ಲ, ನಮ್ಮಲ್ಲಿ ಹೆಚ್ಚಿನವರು ಹಾಡು ಕೇಳುವುದು ಹಾಗೆಯೇ.

ಸ್ಟೀರಿಯೊ ಆವೃತ್ತಿಯಲ್ಲೇ ಪದ ಸ್ಪಷ್ಟವಾಗಿ ಕೇಳಿದರೆ ಅದನ್ನೇ ಕೇಳಿ. ಆಪಲ್ ಮ್ಯೂಸಿಕ್‌ನ ಸೆಟ್ಟಿಂಗ್‌ನಲ್ಲಿ Dolby Atmos ಎಂಬಲ್ಲಿ Off ಆರಿಸಿದರಾಯಿತು. ಹಾಡು ಬಿಡುಗಡೆ ಮಾಡುವವರಿಗೆ ನನ್ನ ಕೋರಿಕೆ ಇಷ್ಟೇ: ಅಟ್ಮಾಸ್ ಮಿಕ್ಸನ್ನು ಹತ್ತು–ಹನ್ನೆರಡು ಸ್ಪೀಕರಿನ ಕೋಣೆಯಲ್ಲಿ ಕೇಳಿ ಒಪ್ಪಿಗೆ ಕೊಡಬೇಡಿ. ಸಾಹಿತ್ಯವನ್ನು ಮೊದಲೇ ಓದಿರದ ನಾಲ್ಕೈದು ಮಂದಿಯ ಕಿವಿಗೆ ಅವರದೇ ಇಯರ್‌ಫೋನಿನಲ್ಲಿ ಕೇಳಿಸಿ, ಪಲ್ಲವಿಯನ್ನು ಬರೆಯಲು ಹೇಳಿ. ಅವರು ತಪ್ಪು ಬರೆದರೆ ಮಿಕ್ಸ್ ಇನ್ನೂ ಮುಗಿದಿಲ್ಲ.