ಎದೆಪಟ್ಟಿಯ ಮಾತು ಫೋನಿಗೆ ಕೇಳಿಸಬೇಕಾದರೆ

ಹೃದಯ ಬಡಿತ ಅಳೆಯುವ ಎದೆಪಟ್ಟಿ ಮನೆಗೆ ಬಂದ ದಿನ ಬಹುತೇಕರು ಮಾಡುವುದು ಒಂದೇ ಕೆಲಸ. ಇಯರ್‌ಫೋನ್ ಜೋಡಿಸಿದಂತೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಬ್ಲೂಟೂತ್ ತೆರೆದು, ಅಲ್ಲಿ ಕಾಣುವ ಹೆಸರನ್ನು ಒತ್ತುತ್ತಾರೆ. ಆಮೇಲೆ ಸೈಕ್ಲಿಂಗ್ ಆ್ಯಪ್ ತೆರೆದರೆ ಸೆನ್ಸರ್ ಸಿಗುವುದೇ ಇಲ್ಲ. ಮಾಲು ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಕಳಿಸುವ ಪಟ್ಟಿಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ, ಜೋಡಿಸಿದ ಜಾಗ ಮಾತ್ರ ತಪ್ಪಾಗಿರುತ್ತದೆ.

ಇವು ಬಳಸುವುದು ಕಡಿಮೆ ವಿದ್ಯುತ್ತಿನ ಬ್ಲೂಟೂತ್. 2010ರಲ್ಲಿ ಬಂದ ಬ್ಲೂಟೂತ್ 4.0 ಜೊತೆಗೆ ಹುಟ್ಟಿದ ಪದ್ಧತಿ ಇದು. ನಾಣ್ಯದಂಥ ಒಂದು ಸಿಆರ್ 2032 ಬ್ಯಾಟರಿಯಲ್ಲಿ ಸೆನ್ಸರ್ ತಿಂಗಳುಗಟ್ಟಲೆ ನಡೆಯುವುದು ಇದರಿಂದಲೇ. ಸೆನ್ಸರ್ ಎಚ್ಚರವಾದೊಡನೆ ಸಂತೆಯ ವ್ಯಾಪಾರಿಯಂತೆ ತನ್ನ ಹೆಸರು ಕೂಗುತ್ತದೆ. ಯಾರಾದರೂ ಬಂದು ಕೈಹಿಡಿದರೆ ಕೂಗು ನಿಲ್ಲುತ್ತದೆ. ಅನೇಕ ಸೆನ್ಸರ್‌ಗಳು ಒಂದು ಸಲಕ್ಕೆ ಒಬ್ಬರೊಡನೆ ಮಾತ್ರ ಮಾತಾಡುತ್ತವೆ, ಕೆಲವು ಹೊಸವು ಇಬ್ಬರೊಡನೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲೋ ಇನ್ನೊಂದು ಆ್ಯಪ್‌ನಲ್ಲೋ ಅದು ಸಿಕ್ಕಿಕೊಂಡಿದ್ದರೆ ನಿಮಗೆ ಬೇಕಾದ ಆ್ಯಪ್‌ಗೆ ಕೇಳಿಸುವುದಿಲ್ಲ. ಪಕ್ಕದ ಕೋಣೆಯಲ್ಲಿರುವ ಹಳೆಯ ಫೋನ್ ಅದನ್ನು ಸದ್ದಿಲ್ಲದೆ ಹಿಡಿದುಕೊಂಡಿರುವುದೂ ಉಂಟು.

ಸರಿಯಾದ ಕ್ರಮ ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಈಗಾಗಲೇ ಜೋಡಿಸಿದ್ದರೆ `Forget` ಒತ್ತಿ ಬಿಡಿಸಿ. ಬ್ಲೂಟೂತ್ ಆನ್ ಆಗಿದ್ದರೆ ಸಾಕು, ಜೋಡಿಸುವ ಕೆಲಸವನ್ನು ಆ್ಯಪ್‌ನ ಒಳಗಿನ ಸೆನ್ಸರ್ ವಿಭಾಗದಲ್ಲೇ ಮಾಡಿ. ಆಂಡ್ರಾಯ್ಡ್ 12 ಮತ್ತು ನಂತರದ ಫೋನುಗಳಲ್ಲಿ ಆ್ಯಪ್ `Nearby devices` ಅನುಮತಿ ಕೇಳುತ್ತದೆ. ಅದಕ್ಕಿಂತ ಹಳೆಯ ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಅನುಮತಿಯೇ ಬೇಕು, ಅದಿಲ್ಲದೆ ಹುಡುಕಾಟವೇ ಶುರುವಾಗದು. ಇನ್ನು, ಹುಡುಕುವಾಗ ಸೆನ್ಸರ್ ಎಚ್ಚರವಾಗಿರಬೇಕು. ಎದೆಪಟ್ಟಿ ಮೈಗೆ ತಾಗಿದಾಗ ಏಳುತ್ತದೆ, ಮೇಜಿನ ಮೇಲಿಟ್ಟು ಹುಡುಕಿದರೆ ಸಿಗದು. ಪೆಡಲ್ ಸುತ್ತು ಎಣಿಸುವ ಕೇಡೆನ್ಸ್ ಸೆನ್ಸರ್ ಏಳಬೇಕಾದರೆ ಪೆಡಲನ್ನು ನಾಲ್ಕಾರು ಸುತ್ತು ತಿರುಗಿಸಬೇಕು.

ಕೊಳ್ಳುವಾಗ ಡಬ್ಬಿಯ ಮೇಲೆ ಬ್ಲೂಟೂತ್, ಆಂಟ್ ಪ್ಲಸ್ ಎರಡೂ ಗುರುತು ಇರಬಹುದು. ಎರಡನೆಯದು ಮುಖ್ಯವಾಗಿ ಸೈಕಲ್ ಕಂಪ್ಯೂಟರ್ ಮತ್ತು ಕ್ರೀಡಾ ಗಡಿಯಾರಗಳ ಭಾಷೆ. ಐಫೋನಿಗೆ ಅದು ನೇರವಾಗಿ ಬರುವುದಿಲ್ಲ, ಇಂದಿನ ಆಂಡ್ರಾಯ್ಡ್‌ಗಳಲ್ಲೂ ಅದನ್ನು ನೆಚ್ಚುವಂತಿಲ್ಲ. ಫೋನಿಗಾಗಿ ಕೊಳ್ಳುವವರು ಬ್ಲೂಟೂತ್ ಗುರುತನ್ನೇ ನೋಡಬೇಕು. ಜೊತೆಗೆ, ನೀವು ಬಳಸುವ ಆ್ಯಪ್ ಆ ಬಗೆಯ ಸೆನ್ಸರನ್ನು ಒಪ್ಪುತ್ತದೆಯೇ ಎಂಬುದನ್ನೂ ನೋಡಿ. ಸ್ಟ್ರಾವಾ 2019ರಲ್ಲಿ ಎದೆಪಟ್ಟಿಯ ನೇರ ಜೋಡಣೆಯನ್ನು ತೆಗೆದುಹಾಕಿ ಮರುವರ್ಷ ಮರಳಿ ತಂದಿತ್ತು. ಹೃದಯ ಬಡಿತ ಓದುವ ಆ್ಯಪ್‌ಗಳೆಲ್ಲ ಕೇಡೆನ್ಸನ್ನೂ ಓದುತ್ತವೆ ಎಂದೇನಿಲ್ಲ.

ಜೋಡಣೆಯಾಯಿತು, ಅಂಕಿ ಬಂತು. ಆ ಅಂಕಿ ನಿಜವೇ? ಒಂದು ಉದಾಹರಣೆ ನೋಡೋಣ. ಬೆಳಗಿನ ಚಳಿಯಲ್ಲಿ ಹೆಬ್ಬಾಳದಿಂದ ನಂದಿಬೆಟ್ಟದ ಕಡೆ ಹೊರಟಿದ್ದೀರಿ. ರಸ್ತೆ ಮಟ್ಟಸವಾಗಿದೆ, ಆರಾಮಾಗಿ ಮಾತಾಡುತ್ತ ತುಳಿಯುತ್ತಿದ್ದೀರಿ, ಆದರೆ ತೆರೆಯ ಮೇಲೆ ಬಡಿತ 186. ಹತ್ತು ನಿಮಿಷ ಕಳೆದಾಗ ತಾನಾಗಿಯೇ 124ಕ್ಕೆ ಇಳಿಯುತ್ತದೆ. ಗಾಬರಿಯಾಗುವ ಮೊದಲು ಪಟ್ಟಿಯನ್ನು ಅನುಮಾನಿಸಿ. ಎದೆಪಟ್ಟಿ ನಾಡಿ ಮುಟ್ಟಿ ಎಣಿಸುವುದಿಲ್ಲ. ಹೃದಯ ಬಡಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ತನ್ನ ಒಳಮೈಯ ಎರಡು ನುಣುಪು ಪಟ್ಟೆಗಳಿಂದ ಹಿಡಿಯುತ್ತದೆ. ಚರ್ಮ ಒಣಗಿದ್ದರೆ ಆ ಸಂಪರ್ಕ ಕಡಿದು ಕಡಿದು ಬರುತ್ತದೆ. ಒಣಹವೆಯಲ್ಲಿ ಪಾಲಿಯೆಸ್ಟರ್ ಜೆರ್ಸಿ ಗಾಳಿಗೆ ಪಟಪಟ ಬಡಿದಾಗ ಹುಟ್ಟುವ ಸ್ಥಿರವಿದ್ಯುತ್ತನ್ನೂ ಅದು ಬಡಿತವೆಂದೇ ಎಣಿಸಬಹುದು. ಬೆವರು ಬಂದಮೇಲೆ ಅಂಕಿ ದಾರಿಗೆ ಬರುವುದು ಇದಕ್ಕೇ. ಹೊರಡುವ ಮೊದಲು ಆ ಎರಡು ಪಟ್ಟೆಗಳನ್ನು ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಎದೆಯ ಸ್ನಾಯುವಿನ ಕೆಳಗೆ ಜಾರದಷ್ಟು ಬಿಗಿಯಾಗಿ ಕಟ್ಟಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಅನುಮಾನ ಉಳಿದರೆ ನಿಂತು ಕುತ್ತಿಗೆಯ ನಾಡಿ ಹಿಡಿದು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ, ತೆರೆಯ ಅಂಕಿಗೆ ತಾಳೆ ನೋಡಿ.

ವೇಗದ ಸೆನ್ಸರ್ ತಪ್ಪುವ ಬಗೆಯೇ ಬೇರೆ. ಅದಕ್ಕೆ ವೇಗ ಗೊತ್ತೇ ಇಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು, ಕೊನೆಯ ಸುತ್ತು ಯಾವ ಕ್ಷಣದಲ್ಲಿ ಮುಗಿಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಸುತ್ತನ್ನು ದೂರವಾಗಿಸುವುದು ಆ್ಯಪ್, ಅದಕ್ಕೆ ಚಕ್ರದ ಸುತ್ತಳತೆ ಬೇಕು. ತೆಳು ಟೈರಿನ ರೋಡ್ ಬೈಕಿಗೆ, ಅಂದರೆ 700x25Cಗೆ, ಇದು ಸುಮಾರು 2105 ಮಿಲಿಮೀಟರ್. ನಿಮ್ಮದು 700x38C ಟೈರಿನ ಹೈಬ್ರಿಡ್ ಸೈಕಲ್ ಆಗಿದ್ದರೆ ಸುಮಾರು 2180. ಆ್ಯಪ್‌ನಲ್ಲಿ 2105 ಹಾಗೇ ಉಳಿದಿದ್ದರೆ ನೀವು 40 ಕಿ.ಮೀ. ತುಳಿದರೂ ದಾಖಲಾಗುವುದು 38.6 ಮಾತ್ರ. ಕೋಷ್ಟಕಕ್ಕಿಂತ ನೆಲದ ಮೇಲಿನ ಅಳತೆ ಮೇಲು. ಟೈರಿಗೆ ಎಂದಿನಂತೆ ಗಾಳಿ ತುಂಬಿಸಿ, ವಾಲ್ವ್ ನೆಲಕ್ಕೆ ನೇರವಾಗಿರುವ ಕಡೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಸೈಕಲ್ ಮೇಲೆ ಕುಳಿತು ಮೆಲ್ಲಗೆ ಮುಂದೆ ಸಾಗಿ, ವಾಲ್ವ್ ಮತ್ತೆ ಕೆಳಗೆ ಬಂದಲ್ಲಿ ಇನ್ನೊಂದು ಗೆರೆ. ನಡುವಿನ ಅಂತರವನ್ನು ಟೇಪಿನಿಂದ ಅಳೆದು ಆ್ಯಪ್‌ಗೆ ಕೊಡಿ.

ದಾಖಲೆ ಅರ್ಧದಲ್ಲಿ ಕಡಿದರೆ ತಪ್ಪು ಎಲ್ಲಿದೆ ಎಂಬುದನ್ನು ನಕ್ಷೆಯೇ ಹೇಳುತ್ತದೆ. ದಾರಿಯ ಗೆರೆ ತಿರುವುಗಳನ್ನೆಲ್ಲ ಬಿಟ್ಟು ಹೊಲಗದ್ದೆಗಳ ಮೇಲೆ ನೆಟ್ಟಗೆ ಹಾದುಹೋಗಿದ್ದರೆ, ತೆರೆ ಆರಿದ ಮೇಲೆ ಬ್ಯಾಟರಿ ಉಳಿಸಲೆಂದು ಫೋನೇ ಆ್ಯಪನ್ನು ಮಲಗಿಸಿರುವ ಸಂಭವ ಹೆಚ್ಚು. ಆ ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು `Unrestricted` ಮಾಡಿ. ದಾರಿ ಸರಿಯಿದ್ದು ಬಡಿತದ ಗೆರೆ ಮಾತ್ರ ಅಲ್ಲಲ್ಲಿ ಕಾಣೆಯಾಗಿದ್ದರೆ ಸೆನ್ಸರಿನ ಸಂಪರ್ಕ ಕಡಿದಿದೆ ಎಂದರ್ಥ. ಎದೆಯಲ್ಲಿ ಪಟ್ಟಿ, ಬೆನ್ನ ಜೇಬಿನಲ್ಲಿ ಫೋನ್ ಇದ್ದರೆ ಹೀಗಾಗುತ್ತದೆ. ಬ್ಲೂಟೂತ್ ತರಂಗವನ್ನು ನೀರು ತುಂಬಿದ ನಮ್ಮ ಮೈ ಹೀರಿಕೊಳ್ಳುತ್ತದೆ. ಫೋನನ್ನು ಹ್ಯಾಂಡಲ್ ಮೇಲಿಟ್ಟು ನೋಡಿ. ಆಗಲೂ ಕಡಿದರೆ ಬ್ಯಾಟರಿ ಬದಲಿಸಿ.

ಆ ಬ್ಯಾಟರಿ ಬೇಗ ಮುಗಿಯುವುದಕ್ಕೂ ಒಂದು ಕಾರಣವಿದೆ. ಮನೆಗೆ ಬಂದು ಒದ್ದೆ ಪಟ್ಟಿಯನ್ನು ಹಾಗೇ ನೇತುಹಾಕಿದರೆ ಬೆವರಿನ ತೇವದಿಂದ ಎರಡು ಗುಂಡಿಗಳ ನಡುವೆ ಸಂಪರ್ಕ ಉಳಿದು, ಮೈಮೇಲೆ ಇದ್ದೇನೆಂದೇ ಸೆನ್ಸರ್ ಎಚ್ಚರವಾಗಿರುತ್ತದೆ. ಗುಂಡಿ ಬಿಚ್ಚಿ ಸೆನ್ಸರನ್ನು ಬೇರೆ ಇಡಿ, ಪಟ್ಟಿಯನ್ನು ನೀರಿನಲ್ಲಿ ಜಾಲಿಸಿ ಒಣಗಿಸಿ.

ಎರಡರಲ್ಲಿ ಮೊದಲು ಯಾವುದು ಕೊಳ್ಳಬೇಕು ಎಂದರೆ ಎದೆಪಟ್ಟಿಯೇ. ಬಯಲಿನಲ್ಲಿ ತುಳಿಯುವಾಗ ದೂರ, ವೇಗದ ಲೆಕ್ಕವನ್ನು ಫೋನಿನ ಜಿಪಿಎಸ್ ಸಾಕಷ್ಟು ಚೆನ್ನಾಗಿಯೇ ಕೊಡುತ್ತದೆ. ಹೃದಯದ ಬಡಿತ ಮಾತ್ರ ಅದಕ್ಕೆ ತಿಳಿಯದು. ಮನೆಯೊಳಗೆ ಟ್ರೈನರ್ ಮೇಲೆ ಸೈಕಲ್ ನಿಲ್ಲಿಸಿ ತುಳಿಯುವವರಿಗೆ ಜಿಪಿಎಸ್ ಉಪಯೋಗಕ್ಕೆ ಬಾರದು. ವೇಗದ ಸೆನ್ಸರಿಗೆ ದುಡ್ಡು ಹಾಕಬೇಕಾದವರು ಅವರು, ಅದನ್ನೂ ತಿರುಗುವ ಹಿಂಚಕ್ರಕ್ಕೇ ಕಟ್ಟಬೇಕು.