ನೆಲಕ್ಕೆ ಬೀಳದ ಆಯಿಲ್ ಹೋಗುವ ದಾರಿ

ಹಾಸನದ ಪರಿಚಿತರೊಬ್ಬರ ಬಳಿ ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರಿದೆ. 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಓಡಿರುವುದು 1,18,000 ಕಿ.ಮೀ. ಸರ್ವಿಸ್ ಮಾಡಿಸಿ ಮೂರು ತಿಂಗಳಾಗಿತ್ತು ಅಷ್ಟೇ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟುತ್ತಿರಲಿಲ್ಲ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಬಿದ್ದಿಲ್ಲ. ಆಯಿಲ್ ಚೇಂಬರ್, ಫಿಲ್ಟರ್, ಟ್ಯಾಪೆಟ್ ಕವರ್ ಎಲ್ಲ ಒಣಗಿಕೊಂಡಿವೆ. ಮೊದಲು ತೋರಿಸಿದ ಗ್ಯಾರೇಜಿನವರು ಬಾನೆಟ್ ಎತ್ತಿದ ಐದೇ ನಿಮಿಷಕ್ಕೆ ತೀರ್ಪು ಕೊಟ್ಟುಬಿಟ್ಟರು: ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು.

ಹೀಗೆ ಹೇಳುವುದು ಸುಲಭ. ಆಯಿಲ್ ಹೊರಗೆ ಸೋರುತ್ತಿಲ್ಲ ಎಂದಮೇಲೆ ಅದು ಪೆಟ್ರೋಲಿನ ಜೊತೆ ಉರಿದು ಸೈಲೆನ್ಸರ್ ಮೂಲಕ ಹೋಗುತ್ತಿದೆ ಎನ್ನುವುದು ನಿಜವೇ. ಆದರೆ ಅದು ಉರಿಯುವ ಜಾಗಕ್ಕೆ ಇಳಿಯಲು ಮೇಲಿನಿಂದಲೂ ದಾರಿಯಿದೆ, ಕೆಳಗಿನಿಂದಲೂ ದಾರಿಯಿದೆ. ಮೇಲಿನದು ವಾಲ್ವ್ ಸೀಲ್, ಕೆಳಗಿನದು ಪಿಸ್ಟನ್ ರಿಂಗ್. ಮೊದಲನೆಯದನ್ನು ಹೆಡ್ ಇಳಿಸದೆಯೇ ಬದಲಿಸಬಹುದು. ಎರಡನೆಯದಕ್ಕೆ ಎಂಜಿನ್ನಿನ ಹೊಟ್ಟೆಯನ್ನೇ ತೆಗೆಯಬೇಕು, ಖರ್ಚೂ ಹಲವು ಪಟ್ಟು. ಯಾವ ದಾರಿ ಎಂದು ಗೊತ್ತಾಗುವ ಮುಂಚೆ ಸ್ಪಾನರ್ ಹಿಡಿಯುವವರ ಕೈಗೆ ಗಾಡಿ ಕೊಡಬಾರದು.

ಅದಕ್ಕೂ ಮೊದಲು ಲೆಕ್ಕ ಬೇಕು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಿಸಿ ಎಂಜಿನ್ ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು ಅಳೆಯಬೇಕು. ಮೇಲಿನ ಗೆರೆಯವರೆಗೆ ತುಂಬಿಸಿ, ಕಿಲೋಮೀಟರ್ ಬರೆದಿಟ್ಟುಕೊಂಡು, ಮತ್ತೆ ಅದೇ ಜಾಗದಲ್ಲಿ ಅದೇ ರೀತಿ ಅಳೆಯಬೇಕು. ಈ ಕಾರು 2,500 ಕಿ.ಮೀ.ಗೆ ಸುಮಾರು ಒಂದು ಲೀಟರ್ ಕುಡಿಯುತ್ತಿತ್ತು. ‘ಇಷ್ಟು ಕುಡಿದರೆ ಹೊಗೆ ಕಾಣಬೇಡವೇ?’ ಎಂಬುದು ಮಾಲೀಕರ ಪ್ರಶ್ನೆ. ಒಂದು ಲೀಟರ್ ಎಂದರೆ ಸುಮಾರು ಇಪ್ಪತ್ತು ಸಾವಿರ ಹನಿ. ಅಂದರೆ ಕಿಲೋಮೀಟರಿಗೆ ಎಂಟು ಹನಿ. ಅಷ್ಟು ದೂರ ಹೋಗುವಷ್ಟರಲ್ಲಿ ನಾಲ್ಕು ಸಿಲಿಂಡರುಗಳಲ್ಲಿ ಒಟ್ಟು ಸಾವಿರಾರು ಸಲ ಪೆಟ್ರೋಲ್ ಉರಿದಿರುತ್ತದೆ. ಎಂಟು ಹನಿಯನ್ನು ಅಷ್ಟಕ್ಕೆ ಹಂಚಿದರೆ ಕಣ್ಣಿಗೆ ಏನು ಕಂಡೀತು? ಉಳಿದದ್ದರಲ್ಲಿ ಒಂದಷ್ಟನ್ನು ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹಾಕುತ್ತದೆ. ಹೊಗೆ ಇಲ್ಲ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಹೊಗೆ ಬಂದರೆ ಅದು ಯಾವಾಗ ಬರುತ್ತದೆ ಎಂಬುದೇ ಮುಖ್ಯ.

ವಾಲ್ವ್ ಸೀಲ್ ಎಂದರೆ ಬೆರಳ ತುದಿಗಿಂತ ಚಿಕ್ಕದಾದ ರಬ್ಬರ್ ಟೋಪಿ. ವಾಲ್ವಿನ ಕಡ್ಡಿ ಮೇಲೆ ಕೆಳಗೆ ಆಡುವ ಗೈಡಿನ ತಲೆಯ ಮೇಲೆ ಕೂತು, ಹೆಡ್ಡಿನಲ್ಲಿ ಚಿಮ್ಮುವ ಆಯಿಲ್ ಕಡ್ಡಿಯ ಗುಂಟ ಇಳಿಯದಂತೆ ಒರೆಸುತ್ತಿರುತ್ತದೆ. ವರ್ಷಗಟ್ಟಲೆ ಕಾವಿನಲ್ಲಿ ಬೆಂದ ರಬ್ಬರ್ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಕಡ್ಡಿಯನ್ನು ಅಪ್ಪಿ ಹಿಡಿಯುವುದನ್ನು ಬಿಡುತ್ತದೆ. ಆಗ ರಾತ್ರಿ ನಿಂತ ಗಾಡಿಯಲ್ಲಿ ಆಯಿಲ್ ಮೆಲ್ಲಗೆ ಇಳಿದು ಕೆಳಗೆ ಸೇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಮುಷ್ಟಿ ನೀಲಿ ಹೊಗೆ, ಅರ್ಧ ನಿಮಿಷದಲ್ಲಿ ಮಾಯ. ಚಳಿಗಾಲದ ಬಿಳಿ ಹೊಗೆ ಬೇರೆ. ಅದು ನೀರಿನ ಆವಿ, ಗಾಳಿಯಲ್ಲಿ ಕರಗಿಹೋಗುತ್ತದೆ. ನೀಲಿ ಹೊಗೆ ತೇಲಿಕೊಂಡೇ ಇರುತ್ತದೆ, ಸುಟ್ಟ ಎಣ್ಣೆಯ ಘಾಟೂ ಇರುತ್ತದೆ.

ಸೀಲಿನ ಗುಟ್ಟು ಬಯಲಾಗುವ ಇನ್ನೊಂದು ಜಾಗ ಘಾಟಿ. ಸಕಲೇಶಪುರದಿಂದ ಶಿರಾಡಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಗಾಡಿಯನ್ನು ಹಿಡಿಯುತ್ತೇವೆ. ಆಗ ಪೆಟ್ರೋಲ್ ಎಂಜಿನ್ನಿಗೆ ಗಾಳಿ ಬರುವ ಬಾಗಿಲು ಮುಚ್ಚಿರುತ್ತದೆ, ಒಳಗೆ ಪಿಸ್ಟನ್ ಮಾತ್ರ ಓಡುತ್ತಲೇ ಇರುತ್ತದೆ. ಗಾಳಿ ಸಿಗದ ಆ ಸೆಳೆತ ಸಡಿಲವಾದ ಸೀಲಿನ ಸಂದಿಯಿಂದ ಆಯಿಲ್ಲನ್ನು ಎಳೆದುಕೊಳ್ಳುತ್ತದೆ. ಇಳಿಜಾರು ಮುಗಿದು ಕಾಲು ಒತ್ತಿದ ತಕ್ಷಣ ಹಿಂದಿನ ಗಾಡಿಯವರಿಗೆ ನೀಲಿ ಹೊಗೆ ಕಾಣುತ್ತದೆ. ರಿಂಗ್ ಸವೆದಿದ್ದರೆ ಕಥೆ ತಿರುಗುಮುರುಗು. ಲೋಡ್ ಹೊತ್ತು ಘಾಟಿ ಹತ್ತುವಾಗ, ಓವರ್‌ಟೇಕ್ ಮಾಡುವಾಗ, ಹೊಗೆ ಬಿಡದೆ ಬರುತ್ತಿರುತ್ತದೆ. ಗಾಡಿಯ ಎಳೆತ ಕುಗ್ಗಿರುತ್ತದೆ. ಐಡಲಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಪುಸುಪುಸು ಹೊಗೆ ಹೊರಗೆ ನುಗ್ಗುತ್ತದೆ.

ನಮ್ಮ ಪರಿಚಿತರು ಎರಡನೆಯ ಮೆಕ್ಯಾನಿಕ್ ಬಳಿ ಹೋದಾಗ ಅವರು ಹೇಳಿದ್ದು ಇಷ್ಟೇ: ‘ಎಂಜಿನ್ ಆಮೇಲೆ ಬಿಚ್ಚೋಣ ಸಾರ್. ಇವತ್ತು ರಾತ್ರಿ ಗಾಡಿ ಇಲ್ಲೇ ಬಿಟ್ಟು ಹೋಗಿ. ಬೆಳಿಗ್ಗೆ ನೀವು ಬರೋವರೆಗೂ ಸ್ಟಾರ್ಟ್ ಮಾಡಲ್ಲ.’ ಬೆಳಿಗ್ಗೆ ಕೀಲಿ ತಿರುಗಿಸಿದಾಗ ನೀಲಿ ಹೊಗೆ ಬಂತು, ಬಂದಷ್ಟೇ ಬೇಗ ನಿಂತಿತು. ನಂತರ ಬ್ರೀದರ್ ಪೈಪಿನ ಪಿಸಿವಿ ವಾಲ್ವ್ ತೆಗೆದು ಅಲ್ಲಾಡಿಸಿ ನೋಡಿದರು. ಇದು ಸಿಕ್ಕಿಕೊಂಡರೂ ಎಂಜಿನ್ ಆಯಿಲ್ ಕುಡಿಯುತ್ತದೆ. ಕೆಲವೇ ನೂರು ರೂಪಾಯಿಯ ಈ ಸಾಮಾನನ್ನು ನೋಡದೆ ಎಂಜಿನ್ ಬಿಚ್ಚಿದವರೂ ಉಂಟು. ಇಲ್ಲಿ ಅದು ಸರಿಯಿತ್ತು.

ಆಮೇಲೆ ಪ್ಲಗ್ ನಾಲ್ಕನ್ನೂ ತೆಗೆದು ಕಂಪ್ರೆಷನ್ ಪರೀಕ್ಷೆ. ಮೀಟರಿನಲ್ಲಿ ಬಂದದ್ದು 172, 168, 170, 165 ಪಿಎಸ್‌ಐ. ಇನ್ನು ಪ್ರತಿ ಸಿಲಿಂಡರಿಗೂ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ರಿಂಗ್ ಸವೆದಿದ್ದರೆ ಈ ಆಯಿಲ್ ಸಂದಿಯನ್ನು ಮುಚ್ಚಿ ಒತ್ತಡ ಮೂವತ್ತು, ನಲವತ್ತರಷ್ಟು ಜಿಗಿಯಬೇಕು. ಇಲ್ಲಿ ಏರಿದ್ದು ಎಂಟೋ ಒಂಬತ್ತೋ. ಅಷ್ಟು ಯಾವ ಎಂಜಿನ್ನಿನಲ್ಲೂ ಏರುತ್ತದೆ.

ಆದರೆ ಈ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಪಿಸ್ಟನ್ನಿಗೆ ಮೂರು ರಿಂಗು. ಮೇಲಿನೆರಡು ಒತ್ತಡವನ್ನು ಹಿಡಿಯುತ್ತವೆ. ಮೂರನೆಯ ಆಯಿಲ್ ರಿಂಗಿನ ಕೆಲಸ ಸಿಲಿಂಡರ್ ಗೋಡೆಯ ಆಯಿಲ್ಲನ್ನು ಬಾಚಿ ಕೆಳಗೆ ಕಳಿಸುವುದು. ಆಯಿಲ್ ಬದಲಿಸದೆ ತಿಂಗಳುಗಟ್ಟಲೆ ಓಡಿಸಿದರೆ ಕರಿ ಕಟ್ಟಿ ಈ ರಿಂಗು ತನ್ನ ಗಾಡಿಯಲ್ಲೇ ಅಂಟಿಕೊಳ್ಳುತ್ತದೆ, ಆಯಿಲ್ ವಾಪಸ್ ಹೋಗುವ ತೂತುಗಳೂ ಕಟ್ಟಿಕೊಳ್ಳುತ್ತವೆ. ಮೇಲಿನೆರಡು ಚೆನ್ನಾಗಿದ್ದರೆ ಮೀಟರ್ ‘ಎಲ್ಲ ಸರಿ’ ಎನ್ನುತ್ತದೆ, ಆಯಿಲ್ ಮಾತ್ರ ಖಾಲಿಯಾಗುತ್ತಲೇ ಇರುತ್ತದೆ. ಆದ್ದರಿಂದ ಮೀಟರಿನ ಅಂಕಿ, ಹೊಗೆಯ ಸಮಯ, ಪ್ಲಗ್ಗಿನ ತುದಿಯ ಒದ್ದೆ ಕರಿ ಮೂರನ್ನೂ ಕೂಡಿಸಿ ನೋಡಬೇಕು.

ಮೂರೂ ಕೂಡಿ ಸೀಲಿನ ಕಡೆಗೆ ಬೆರಳು ತೋರಿಸಿದ್ದರಿಂದ ಆ ಮೆಕ್ಯಾನಿಕ್ ಟ್ಯಾಪೆಟ್ ಕವರ್ ತೆಗೆದು, ಕ್ಯಾಮ್‌ಶಾಫ್ಟ್ ಇಳಿಸಿ, ಪ್ಲಗ್ಗಿನ ತೂತಿನಿಂದ ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಬಿಟ್ಟರು. ಆ ಒತ್ತಡ ಇಲ್ಲದಿದ್ದರೆ ಸ್ಪ್ರಿಂಗ್ ಬಿಚ್ಚಿದೊಡನೆ ವಾಲ್ವ್ ಒಳಗೆ ಜಾರಿಬಿಡುತ್ತದೆ. ಹಳೆಯ ಸೀಲುಗಳನ್ನು ಬೆರಳಿನಿಂದ ಒತ್ತಿದರೆ ಬಾಗದೆ ಟಪ್ಪನೆ ಸೀಳಿದವು. ವಾಲ್ವಿನ ಕಡ್ಡಿಯನ್ನು ಆ ಕಡೆ ಈ ಕಡೆ ಅಲುಗಾಡಿಸಿಯೂ ನೋಡಿದರು. ಗೈಡ್ ಸವೆದು ಕಡ್ಡಿ ಆಡುತ್ತಿದ್ದರೆ ಹೊಸ ಸೀಲ್ ಹಾಕಿದರೂ ಹೆಚ್ಚು ದಿನ ಬಾಳುವುದಿಲ್ಲ, ಹೆಡ್ ಇಳಿಸಲೇಬೇಕಾಗುತ್ತದೆ. ಇಲ್ಲಿ ಅಂಥ ಆಟ ಇರಲಿಲ್ಲ.

ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತದೆ ಎನ್ನುವ ಸಲಹೆಯೂ ಅವರಿಗೆ ಸಿಕ್ಕಿತ್ತು. 5W-30 ಹೇಳಿದ ಎಂಜಿನ್ನಿಗೆ 20W-50 ಹಾಕಿದರೆ ಕುಡಿಯುವುದು ಸ್ವಲ್ಪ ಕಡಿಮೆಯಾದೀತು. ಆದರೆ ತಣ್ಣನೆಯ ಬೆಳಿಗ್ಗೆ ಆ ಆಯಿಲ್ ಕ್ಯಾಮ್‌ಶಾಫ್ಟಿನವರೆಗೆ ತಲುಪುವುದೂ ತಡವಾಗುತ್ತದೆ. ಗಾಡಿ ಮಾರುವವರಿಗೆ ಈ ಉಪಾಯ ಒಗ್ಗುತ್ತದೆ, ಇಟ್ಟುಕೊಳ್ಳುವವರಿಗಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನೆಚ್ಚಿಕೊಳ್ಳುವುದೂ ಅಪಾಯ. ಅದು ತೋರಿಸುವುದು ಮಟ್ಟವನ್ನಲ್ಲ, ಒತ್ತಡವನ್ನು. ಅದು ಹೊತ್ತಿದರೆ ಎಂಜಿನ್ನನ್ನು ಅಲ್ಲೇ ಆಫ್ ಮಾಡಬೇಕು.

ಸೀಲ್ ಬದಲಿಸಿದ ಮೇಲೆ ಬೆಳಗಿನ ಹೊಗೆ ನಿಂತಿತು. ಆದರೆ 5,000 ಕಿ.ಮೀ.ಗೆ ಈಗಲೂ ಸುಮಾರು 400 ಮಿಲಿ ಖರ್ಚಾಗುತ್ತಿದೆ. ಆಯಿಲ್ ರಿಂಗ್ ಸ್ವಲ್ಪ ಸವೆದಿರಬಹುದು ಎಂದು ಮೆಕ್ಯಾನಿಕ್ ಅಂದಾಜು. ಇಷ್ಟಕ್ಕಾಗಿ ಎಂಜಿನ್ ಬಿಚ್ಚುವುದು ಬೇಡ, ಸಾವಿರ ಕಿ.ಮೀ.ಗೊಮ್ಮೆ ಡಿಪ್‌ಸ್ಟಿಕ್ ನೋಡಿ ಅಗತ್ಯವಿದ್ದರೆ ಅದೇ ಗ್ರೇಡಿನ ಆಯಿಲ್ ಸೇರಿಸಿ ಎಂದಿದ್ದಾರೆ. ಡಿಕ್ಕಿಯಲ್ಲಿ ಅರ್ಧ ಲೀಟರಿನ ಡಬ್ಬಿ ಇದೆ.