ಇಬ್ಬರು ವೇಷಧಾರಿಗಳು ಎದುರುಬದುರಾದಾಗ

ಫೋನಿನಲ್ಲಿ ಹೆಸರು ಬರೆಸುವಾಗ ಇನಿಷಿಯಲ್ ಬಂತೆಂದರೆ ಒಂದು ಸಣ್ಣ ನಾಟಕ ನಡೆಯುತ್ತದೆ. ‘ಎಸ್ಸಾ, ಎಫ್ಫಾ?’ ಎಂದು ಆ ಕಡೆಯವರು ಕೇಳುತ್ತಾರೆ. ‘ಎಸ್, ಸುರೇಶ ಅಂತಾರಲ್ಲ, ಆ ಎಸ್’ ಎಂದು ಈ ಕಡೆಯವರು ದನಿ ಏರಿಸುತ್ತಾರೆ. ತಪ್ಪು ಇಬ್ಬರದೂ ಅಲ್ಲ. ಹಳೆಯ ಕಾಲದ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ದಾಟಿಸುತ್ತಿತ್ತು. ‘ಸ’ಕಾರದ ಸೀಳುಸದ್ದಿನ ಬಹುಪಾಲು ಶಕ್ತಿ ಇರುವುದು 4000 ಹರ್ಟ್ಸ್‌ನ ಮೇಲೆ. ‘ಸ’ವನ್ನು ‘ಸ’ ಮಾಡುವ ಭಾಗವೇ ತಂತಿಯಲ್ಲಿ ಹೋಗುತ್ತಿರಲಿಲ್ಲ.

ಈ ಕೊರತೆ ನೀಗಿಸಲು 1988ರಲ್ಲಿ ಜಿ.722 ಎಂಬ ಅಂತಾರಾಷ್ಟ್ರೀಯ ಮಾನಕ ಬಂತು. ಇಂದಿಗೂ ಕಚೇರಿಗಳ ಇಂಟರ್ನೆಟ್ ಫೋನುಗಳಲ್ಲಿ ಅದು ಬಳಕೆಯಲ್ಲಿದೆ. ಅದು ದನಿಯನ್ನು 7000 ಹರ್ಟ್ಸ್‌ವರೆಗೆ ಸಾಗಿಸುತ್ತದೆ, ಅದೂ ಹಳೆಯ ಡಿಜಿಟಲ್ ಕರೆಗೆ ಬೇಕಾಗುತ್ತಿದ್ದ ಸೆಕೆಂಡಿಗೆ 64,000 ಬಿಟ್‌ಗಳಲ್ಲೇ. ಉಪಾಯ ಇಷ್ಟೆ. ಸೆಕೆಂಡಿಗೆ 16,000 ಸ್ಯಾಂಪಲ್‌ಗಳಾಗಿ ಬಂದ ದನಿಯನ್ನು 4 ಕಿಲೋಹರ್ಟ್ಸ್‌ನಲ್ಲಿ ಎರಡು ಹೋಳು ಮಾಡು. ಕಿವಿಗೆ ಮುಖ್ಯವಾದ ಕೆಳಗಿನ ಹೋಳಿಗೆ ಪ್ರತಿ ಸ್ಯಾಂಪಲ್ಲಿಗೆ 6 ಬಿಟ್ ಕೊಡು, ಮೇಲಿನದಕ್ಕೆ 2 ಬಿಟ್ ಸಾಕು. ಆಚೆ ಬದಿಯಲ್ಲಿ ಎರಡನ್ನೂ ಮತ್ತೆ ಬೆಸೆ. ಹೀಗೆ ಸೀಳಿ ಬೆಸೆಯುವ ಸಲಕರಣೆಗೆ ಎರಡು ಚಾನೆಲ್‌ಗಳ ಫಿಲ್ಟರ್ ಬ್ಯಾಂಕ್ ಎಂದು ಹೆಸರು.

ಸೀಳುವುದು ಸುಲಭ, ಒಂದು ತೊಡಕನ್ನು ಬಿಟ್ಟರೆ. ಒಂದು ದನಿ ಎರಡು ಹೋಳಾದರೆ ಸ್ಯಾಂಪಲ್‌ಗಳ ಸಂಖ್ಯೆಯೂ ದುಪ್ಪಟ್ಟಾಗುತ್ತದೆ, ಪ್ರತಿ ಹೋಳಿನಲ್ಲೂ 16,000. ಉಳಿತಾಯ ಮಾಡಲು ಹೊರಟವರಿಗೆ ಇದು ಕೈಕಚ್ಚುವ ವ್ಯವಹಾರ. ಆದ್ದರಿಂದ ಪ್ರತಿ ಹೋಳಿನಲ್ಲೂ ಒಂದು ಬಿಟ್ಟು ಒಂದು ಸ್ಯಾಂಪಲ್ಲನ್ನು ಎಸೆದುಬಿಡುತ್ತಾರೆ. ಆಚೆ ಬದಿಯಲ್ಲಿ ಎಸೆದ ಜಾಗಕ್ಕೆ ಸೊನ್ನೆ ತುಂಬಿ, ಇನ್ನೊಂದು ಫಿಲ್ಟರಿನಿಂದ ನುಣುಪು ಮಾಡುತ್ತಾರೆ.

ಎಸೆದು ಸೊನ್ನೆ ತುಂಬಿದಾಗ ಏನಾಗುತ್ತದೆ ಎಂಬುದನ್ನು ನಾಲ್ಕು ಅಂಕಿಗಳಲ್ಲೇ ನೋಡಬಹುದು. 8, 6, 7, 3 ಎಂಬ ಸಾಲು 8, 0, 7, 0 ಆಗುತ್ತದೆ. ಈ ಹೊಸ ಸಾಲನ್ನು ಇನ್ನೊಂದು ಬಗೆಯಲ್ಲೂ ಪಡೆಯಬಹುದು: ಮೂಲ ಸಾಲಿಗೆ 8, –6, 7, –3 ಎಂಬ ಸಾಲನ್ನು ಕೂಡಿ ಅರ್ಧ ಮಾಡಿ. ಅಂದರೆ ಕೈಗೆ ಬಂದದ್ದರಲ್ಲಿ ಅರ್ಧ ಮೂಲ ದನಿ, ಇನ್ನರ್ಧ ಒಂದು ಬಿಟ್ಟು ಒಂದರ ಚಿಹ್ನೆ ತಿರುಗಿಸಿಕೊಂಡ ಅದರದೇ ನೆರಳು. ಚಿಹ್ನೆ ಹೀಗೆ ತಿರುಗಿದರೆ ಸ್ವರಗಳು 4 ಕಿಲೋಹರ್ಟ್ಸ್‌ನ ಕನ್ನಡಿಯಲ್ಲಿ ಪ್ರತಿಬಿಂಬಿಸುತ್ತವೆ. 4.5 ಕಿಲೋಹರ್ಟ್ಸ್‌ನ ಸ್ವರ 3.5ರ ವೇಷ ಹಾಕಿಕೊಂಡು ಬರುತ್ತದೆ. ಎಂಜಿನಿಯರುಗಳು ಇದನ್ನು ಅಲಿಯಾಸ್ ಎನ್ನುತ್ತಾರೆ. ಪೊಲೀಸ್ ಸುದ್ದಿಗಳಲ್ಲಿ ಆರೋಪಿಗಳ ಎರಡನೇ ಹೆಸರಿನ ಮುಂಚೆ ಬರುತ್ತದಲ್ಲ, ಅದೇ ಪದ.

ಕತ್ತಿಯಲ್ಲಿ ಕಡಿದ ಹಾಗೆ 4 ಕಿಲೋಹರ್ಟ್ಸ್‌ನಲ್ಲಿ ನಿಲ್ಲುವ ಫಿಲ್ಟರ್ ಇದ್ದಿದ್ದರೆ ಈ ವೇಷಧಾರಿ ಒಳಗೇ ಬರುತ್ತಿರಲಿಲ್ಲ. ಅಂಥದ್ದು ಕಾಗದದ ಮೇಲೆ ಮಾತ್ರ ಇದೆ, ಅದಕ್ಕೆ ಅನಂತ ಉದ್ದ ಬೇಕು. ನಿಜವಾದ ಫಿಲ್ಟರ್ ಕಟ್ಟುವುದು ಗೋಡೆಯನ್ನಲ್ಲ, ಇಳಿಜಾರನ್ನು. ಜಿ.722ರ ಫಿಲ್ಟರಿಗೆ 24 ಸಹಗುಣಕಗಳಿವೆ, ಅಷ್ಟೆ. ಎರಡು ಇಳಿಜಾರುಗಳು ಒಂದರ ಮೇಲೊಂದು ಬೀಳದಂತೆ ದೂರ ಇಟ್ಟರೆ ನಡುವೆ ಹಳ್ಳ ಬಿದ್ದು 4 ಕಿಲೋಹರ್ಟ್ಸ್‌ನ ಸುತ್ತಲಿನ ದನಿಯೇ ಕಾಣೆಯಾಗುತ್ತದೆ.

1976ರಲ್ಲಿ ಫ್ರಾನ್ಸಿನ ಐಬಿಎಂನಲ್ಲಿದ್ದ ಕ್ರೊಯ್ಸಿಯೆ, ಎಸ್ತೆಬಾನ್, ಗಾಲಾಂ ಎಂಬ ಮೂವರು ಈ ಹಟವನ್ನೇ ಬಿಟ್ಟರು. ವೇಷಧಾರಿಯನ್ನು ಬಾಗಿಲಲ್ಲಿ ತಡೆಯುವುದು ಬೇಡ, ಎರಡೂ ಬಾಗಿಲಲ್ಲಿ ಒಬ್ಬೊಬ್ಬನನ್ನು ಬಿಡೋಣ, ಒಳಗೆ ಒಬ್ಬ ಇನ್ನೊಬ್ಬನನ್ನು ಹೊಡೆದುಹಾಕಲಿ ಎಂಬುದು ಅವರ ದಾರಿ.

ಲೆಕ್ಕ ಮಾಡಿಯೇ ನೋಡೋಣ. ಕೆಳಗಿನ ಫಿಲ್ಟರ್ 3.5 ಕಿಲೋಹರ್ಟ್ಸ್‌ನ ಸ್ವರವನ್ನು 0.8ರಷ್ಟು, 4.5ರದ್ದನ್ನು 0.6ರಷ್ಟು ಬಿಡುತ್ತದೆ ಎನ್ನಿ. ಮೇಲಿನ ಫಿಲ್ಟರ್ ಅದರ ಕನ್ನಡಿ ಪ್ರತಿ: 4.5ಕ್ಕೆ 0.8, 3.5ಕ್ಕೆ 0.6. ಈಗ 4.5ರ ಶಿಳ್ಳೆಯೊಂದನ್ನು ಒಳಗೆ ಬಿಡಿ. ಕೆಳಗಿನ ಚಾನೆಲ್ಲಿನಲ್ಲಿ ಅದು 0.6 ಆಗಿ ನುಸುಳುತ್ತದೆ, 3.5ರ ವೇಷ ಹಾಕುತ್ತದೆ, ಹೊರಡುವಾಗ 0.8ರಿಂದ ಗುಣವಾಗಿ 0.48 ಆಗುತ್ತದೆ. ಮೇಲಿನ ಚಾನೆಲ್ಲಿನಲ್ಲಿ 0.8 ಆಗಿ ಬಂದು, ಅದೇ 3.5ರ ವೇಷ ಹಾಕಿ, 0.6ರಿಂದ ಗುಣವಾಗಿ ಮತ್ತೆ 0.48. ಎರಡನೆಯದರ ಹೊರಡುವ ಫಿಲ್ಟರಿಗೆ ಮೊದಲೇ ಋಣಚಿಹ್ನೆ ಕೊಟ್ಟಿರುತ್ತಾರೆ. ಕೂಡಿದರೆ ಸೊನ್ನೆ. ಅಸಲಿ ಸ್ವರದ ಗತಿ ಬೇರೆ: ಕೆಳಗಿನಿಂದ 0.36, ಮೇಲಿನಿಂದ 0.64, ಎರಡೂ ಸೇರಿ ಸರಿಯಾಗಿ 1. (ಸೊನ್ನೆ ತುಂಬುವಾಗ ಆದ ಅರ್ಧವನ್ನು ದುಪ್ಪಟ್ಟು ಮಾಡಿ ಸರಿಪಡಿಸಿಕೊಂಡ ಮೇಲಿನ ಲೆಕ್ಕ ಇದು.)

ಇಷ್ಟನ್ನೇ ಪಠ್ಯಪುಸ್ತಕಗಳು ಎರಡು ಸಾಲಿನಲ್ಲಿ ಹೇಳುತ್ತವೆ. H ಎಂದರೆ ಸೀಳುವ ಫಿಲ್ಟರ್, F ಎಂದರೆ ಬೆಸೆಯುವುದು, 0 ಕೆಳಗಿನ ಚಾನೆಲ್, 1 ಮೇಲಿನದು.

```
H0(-z) F0(z) + H1(-z) F1(z) = 0
H0(z) F0(z) + H1(z) F1(z) = 2 z^(-L)
```

z ಇದ್ದಲ್ಲಿ –z ಬಂತೆಂದರೆ ಒಂದು ಬಿಟ್ಟು ಒಂದರ ಚಿಹ್ನೆ ತಿರುಗಿತು ಎಂದರ್ಥ, ಅಂದರೆ ವೇಷ ಹಾಕಿತು. ಮೊದಲ ಸಾಲು ವೇಷಧಾರಿಗಳ ಮೊತ್ತ ಸೊನ್ನೆ ಇರಬೇಕು ಎನ್ನುತ್ತದೆ. ಎರಡನೆಯದು ಅಸಲಿ ದನಿಗೆ ಸಂಬಂಧಿಸಿದ್ದು: ಅದು L ಸ್ಯಾಂಪಲ್‌ಗಳಷ್ಟು ತಡವಾಗಿ ಬರಲಿ, ಬೇರೇನೂ ಆಗಕೂಡದು. ಎರಡೂ ಈಡೇರಿದರೆ ಅದು ಪರಿಪೂರ್ಣ ಪುನಾರಚನೆ.

ಮೊದಲ ಷರತ್ತು ಅಚ್ಚರಿಯಾಗುವಷ್ಟು ಸಲೀಸು. F0(z) = H1(-z), F1(z) = -H0(-z) ಎಂದು ಆರಿಸಿಕೊಂಡರೆ ಸಾಕು, H0 ಮತ್ತು H1 ಯಾವುದೇ ಇರಲಿ, ಎರಡು ಗುಣಲಬ್ಧಗಳು ತಾವಾಗಿಯೇ ಹೊಡೆದುಹೋಗುತ್ತವೆ. ತಲೆನೋವು ಇರುವುದು ಎರಡನೆಯದರಲ್ಲಿ. ಐಬಿಎಂನ ಮೂವರು ಮೇಲಿನ ಫಿಲ್ಟರನ್ನು ಕೆಳಗಿನದರ ನೇರ ಕನ್ನಡಿ ಪ್ರತಿಯಾಗಿ ಇಟ್ಟಿದ್ದರಲ್ಲ, ಆಗ H0ರ ಸಮಸ್ಥಾನದ ಸಹಗುಣಕಗಳ ಬಹುಪದೋಕ್ತಿಯನ್ನು ಬೆಸಸ್ಥಾನದವುಗಳ ಬಹುಪದೋಕ್ತಿಯಿಂದ ಗುಣಿಸಿದರೆ ಒಂದೇ ಒಂದು ಪದ ಉಳಿಯಬೇಕಾಗುತ್ತದೆ. ಎರಡು ಬಹುಪದೋಕ್ತಿಗಳ ಗುಣಲಬ್ಧ ಏಕಪದವಾಗಬೇಕಾದರೆ ಅವೆರಡೂ ಏಕಪದಗಳೇ ಆಗಿರಬೇಕು, ಪ್ರೌಢಶಾಲೆಯ ಬೀಜಗಣಿತ. ಹಾಗಾಗಿ ಫಿಲ್ಟರಿನಲ್ಲಿ ಎರಡೇ ಅಂಕಿಗಳಿಗೆ ಜಾಗ. ಎರಡು ಅಂಕಿಯ ಫಿಲ್ಟರಿನ ಇಳಿಜಾರು ತೀರಾ ಸಪ್ಪೆ, ಹೆಸರಿಗೆ ಮಾತ್ರ ಸೀಳುತ್ತದೆ. ಅವರ ಪ್ರಬಂಧದ ಶೀರ್ಷಿಕೆಯಲ್ಲಿ ‘ಪರ್ಫೆಕ್ಟ್’ ಎಂಬ ಪದವಿತ್ತು; ಉದ್ದದ ಫಿಲ್ಟರುಗಳ ಮಟ್ಟಿಗೆ ಅದು ಸ್ವಲ್ಪ ಮುಂದಾಗಿ ಆಡಿದ ಮಾತು. ಜಿ.722ರ 24 ಅಂಕಿಯ ಫಿಲ್ಟರೂ ಅಲಿಯಾಸನ್ನು ಪೂರ್ತಿ ಅಳಿಸುತ್ತದೆ, ಎರಡನೇ ಷರತ್ತನ್ನು ಮಾತ್ರ ಹತ್ತಿರ ಹತ್ತಿರ ಪಾಲಿಸುತ್ತದೆ. ಮಾತಿಗೆ ಅಷ್ಟು ಸಾಕು.

ಗಂಟು ಬಿಚ್ಚಿದ್ದು 1984ರಲ್ಲಿ. ಅಮೆರಿಕದ ಜಾರ್ಜಿಯಾ ಟೆಕ್‌ನ ಸ್ಮಿತ್ ಮತ್ತು ಬಾರ್ನ್‌ವೆಲ್ ಮೇಲಿನ ಫಿಲ್ಟರನ್ನು ಕೆಳಗಿನದರ ಕನ್ನಡಿ ಪ್ರತಿ ಮಾಡಿದ್ದಲ್ಲದೆ, ಅಂಕಿಗಳ ಸಾಲನ್ನು ಹಿಂದುಮುಂದಾಗಿಯೂ ಇಟ್ಟರು. ಉದ್ದದ ಫಿಲ್ಟರಿನಲ್ಲೂ ಎರಡೂ ಷರತ್ತು ಈಡೇರಿದವು. ಬೆಲೆಯಾಗಿ ಫಿಲ್ಟರಿನ ಎಡಬಲ ಸಮತೆ ಹೋಯಿತು. ಚಿತ್ರಗಳ ಕೆಲಸದಲ್ಲಿ ಈ ಸಮತೆ ಬೇಕೇಬೇಕು, ಇಲ್ಲದಿದ್ದರೆ ಅಂಚುಗಳನ್ನು ಸಂಭಾಳಿಸುವುದು ಕಷ್ಟ.

ಸಮತೆಯನ್ನೂ ಉಳಿಸಿಕೊಂಡ ಜೋಡಿಯನ್ನು 1988ರಲ್ಲಿ ಲೆ ಗಾಲ್ ಮತ್ತು ತಬತಬಾಯಿ ಮುಂದಿಟ್ಟರು. ಇದನ್ನು ಕೈಯಲ್ಲೇ ಪರೀಕ್ಷಿಸಬಹುದು. ಸೀಳುವ ಕೆಳಗಿನ ಫಿಲ್ಟರ್ –1, 2, 6, 2, –1, ಎಲ್ಲವೂ 8ರಿಂದ ಭಾಗಿಸಿದ್ದು. ಮೇಲಿನದು 1, –2, 1, ಎರಡರಿಂದ ಭಾಗಿಸಿದ್ದು. ಮೊದಲ ಷರತ್ತಿನ ಪ್ರಕಾರ ಬೆಸೆಯುವ ಕೆಳಗಿನ ಫಿಲ್ಟರ್ 1, 2, 1 ಆಗುತ್ತದೆ, ಅದೂ ಎರಡರಿಂದ ಭಾಗಿಸಿದ್ದು. ಈಗ ಕೆಳಗಿನ ಚಾನೆಲ್ಲಿನ ಎರಡು ಫಿಲ್ಟರುಗಳನ್ನು ಬಹುಪದೋಕ್ತಿಗಳಂತೆ ಗುಣಿಸಿ.

```
(-1, 2, 6, 2, -1) x (1, 2, 1) = (-1, 0, 9, 16, 9, 0, -1)
```

ಸ್ಥಾನಗಳನ್ನು ಸೊನ್ನೆಯಿಂದ ಎಣಿಸಿದರೆ ಬೆಸಸ್ಥಾನಗಳಲ್ಲಿ ಇರುವುದು 0, 16, 0. ಮೇಲಿನ ಚಾನೆಲ್ ಇದೇ ಸಾಲನ್ನು ಚಿಹ್ನೆ ತಿರುಗಿಸಿ ಕಳೆಯುವುದರಿಂದ ಸಮಸ್ಥಾನದ –1, 9, 9, –1 ಎಲ್ಲವೂ ಅಳಿಸಿಹೋಗುತ್ತವೆ, ನಡುವಿನ 16 ಇಮ್ಮಡಿಯಾಗುತ್ತದೆ. ಭಾಜಕ 8 ಮತ್ತು 2ರ ಗುಣಲಬ್ಧವೂ 16. ಉಳಿದದ್ದು 2, ಮೂರು ಸ್ಯಾಂಪಲ್ ತಡದಲ್ಲಿ. ಎರಡನೇ ಷರತ್ತು ಕೇಳಿದ್ದು ಅಷ್ಟನ್ನೇ. ಜೆಪೆಗ್ 2000 ಎಂಬ ಚಿತ್ರ ಮಾನಕ ಒಂದು ಚುಕ್ಕೆಯೂ ಮುಕ್ಕಾಗದಂತೆ ಚಿತ್ರ ಕಾಪಿಡಬೇಕಾದಾಗ ಬಳಸುವುದು ಈ ಜೋಡಿಯನ್ನೇ.

ಇಷ್ಟೆಲ್ಲ ಲೆಕ್ಕಕ್ಕೆ ಒಂದು ಗುಟ್ಟಾದ ಷರತ್ತಿದೆ: ನಡುದಾರಿಯಲ್ಲಿ ಯಾರೂ ಅಂಕಿಗಳನ್ನು ಮುಟ್ಟಬಾರದು. ಬಿಟ್ ಉಳಿಸಲು ಹೊರಟವರು ಮುಟ್ಟಿಯೇ ಮುಟ್ಟುತ್ತಾರೆ. ಮೇಲಿನ ಚಾನೆಲ್ ಹತ್ತರಲ್ಲೊಂದು ಪಾಲು ತಗ್ಗಿ ಬಂದರೆ, ನಮ್ಮ ಉದಾಹರಣೆಯ 3.5ರ ವೇಷಧಾರಿ 0.048ರಷ್ಟು ಉಳಿಯುತ್ತಾನೆ, ಅಸಲಿ 0.936ಕ್ಕೆ ಇಳಿಯುತ್ತದೆ. ಪಕ್ಕದಲ್ಲೇ ಜೋರಾದ ಅಸಲಿ ಸ್ವರ ಇರುವುದರಿಂದ ಕಿವಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಮೇಲಿನ ಚಾನೆಲ್ಲನ್ನೇ ಪೂರ್ತಿ ಕೈಬಿಟ್ಟರೆ ಚಿತ್ರ ಬದಲಾಗುತ್ತದೆ: ಅಸಲಿ 0.36, ವೇಷಧಾರಿ 0.48. ನಕಲಿಯ ದನಿಯೇ ದೊಡ್ಡದು.

ಇನ್ನೂ ಕೆಟ್ಟದ್ದು ಪ್ರೋಗ್ರಾಮ್ ಬರೆಯುವಾಗ ಆಗುವ ಒಂದು ಸಣ್ಣ ತಪ್ಪು, ಒಂದು ಚಾನೆಲ್ ಇನ್ನೊಂದಕ್ಕಿಂತ ಒಂದೇ ಸ್ಯಾಂಪಲ್ ಹಿಂದೆ ಬೀಳುವುದು. ಸೆಕೆಂಡಿಗೆ 8,000 ಸ್ಯಾಂಪಲ್‌ಗಳ ಚಾನೆಲ್ಲಿನಲ್ಲಿ 3.5 ಕಿಲೋಹರ್ಟ್ಸ್‌ನ ಅಲೆಗೆ ಒಂದು ಸ್ಯಾಂಪಲ್ ಎಂದರೆ 157.5 ಡಿಗ್ರಿ, ಹೆಚ್ಚುಕಡಿಮೆ ಪೂರ್ತಿ ತಿರುವು. ಆಗ ಕಾದಾಡಬೇಕಿದ್ದ ವೇಷಧಾರಿಗಳು ಒಂದಾಗಿ 0.94ಕ್ಕೆ ಏರುತ್ತಾರೆ, ಒಂದಾಗಬೇಕಿದ್ದ ಅಸಲಿ ತುಣುಕುಗಳು ಕಾದಾಡಿ 0.34ಕ್ಕೆ ಕುಸಿಯುತ್ತವೆ. ಮಾಮೂಲಿ ಮಾತು ಕೇಳಿ ಇದನ್ನು ಹಿಡಿಯುವುದು ಕಷ್ಟ, ಮಾತಿನ ಹೆಚ್ಚಿನ ಶಕ್ತಿ ಇಳಿಜಾರಿನಿಂದ ದೂರ ಕೆಳಗಡೆ ಇರುತ್ತದೆ. ಅದಕ್ಕೇ 3 ಕಿಲೋಹರ್ಟ್ಸ್‌ನಿಂದ 5ರವರೆಗೆ ನಿಧಾನವಾಗಿ ಏರುವ ಶಿಳ್ಳೆಯೊಂದನ್ನು ಒಳಗೆ ಬಿಟ್ಟು ಕೇಳುತ್ತಾರೆ. ಬ್ಯಾಂಕ್ ಸರಿಯಿದ್ದರೆ ಏರುವ ಶಿಳ್ಳೆ ಒಂದೇ ಕೇಳುತ್ತದೆ. ಕೆಟ್ಟಿದ್ದರೆ ಅದರ ಜೊತೆಗೆ ಇನ್ನೊಂದು ಶಿಳ್ಳೆ ಮೇಲಿನಿಂದ ಇಳಿಯುತ್ತಾ ಬರುತ್ತದೆ, 4 ಕಿಲೋಹರ್ಟ್ಸ್‌ನಲ್ಲಿ ಎರಡೂ ಒಂದನ್ನೊಂದು ದಾಟಿ ಹೋಗುತ್ತವೆ.